ಖರೀದಿ ವಾಪಸಾತಿಯ ಡೆಬಿಟ್ ನೋಟ್: ಕೊಡತಕ್ಕ ಬಾಕಿಯೂ ದಾಸ್ತಾನೂ ಒಟ್ಟಿಗೆ ತಾಳೆಯಾಗುವ ಬಗೆ

ಖರೀದಿಸಿದ ಸರಕಿನಲ್ಲಿ ದೋಷ ಕಂಡುಬಂದಾಗ ಅದನ್ನು ಸರಬರಾಜುದಾರರಿಗೆ ಹಿಂದಿರುಗಿಸುವುದು ಎಲ್ಲ ವರ್ತಕರಿಗೂ ಪರಿಚಿತವಾದ ಸಂಗತಿ. ಆದರೆ ಹೀಗೆ ಹಿಂದಿರುಗಿಸಿದ ಸರಕು ಲೆಕ್ಕಪುಸ್ತಕಗಳಲ್ಲಿ ಎರಡು ಕಡೆ ಗುರುತು ಬಿಡಬೇಕಾಗುತ್ತದೆ. ಒಂದು, ಸರಬರಾಜುದಾರರಿಗೆ ಕೊಡತಕ್ಕ ಬಾಕಿ ಕಡಿಮೆಯಾಗಬೇಕು. ಎರಡು, ಗೋದಾಮಿನ ದಾಸ್ತಾನು ಕಡಿಮೆಯಾಗಬೇಕು. ಬಹುತೇಕ ಸಂಸ್ಥೆಗಳಲ್ಲಿ ಮೊದಲನೆಯ ಕೆಲಸ ಕಚೇರಿಯ ಲೆಕ್ಕಿಗರದು, ಎರಡನೆಯದು ಗೋದಾಮಿನ ಗುಮಾಸ್ತರದು. ಇಬ್ಬರ ನಡುವೆ ಒಂದೇ ಕಾಗದ ಓಡಾಡದೆ ಹೋದರೆ, ಒಂದು ಕಡೆ ಆದದ್ದು ಇನ್ನೊಂದು ಕಡೆ ಆಗದೆ ಉಳಿಯುತ್ತದೆ, ಇಲ್ಲವೆ ಎರಡು ಬಾರಿ ಆಗಿಬಿಡುತ್ತದೆ. ತಾಳೆಪಟ್ಟಿ ಮಾತ್ರ ಪ್ರತಿ ಬಾರಿಯೂ ಸರಿಯಾಗಿಯೇ ಕೂಡುತ್ತದೆ. ಆದ್ದರಿಂದ ತಪ್ಪು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಹುಬ್ಬಳ್ಳಿಯ ವಿದ್ಯುತ್ ಉಪಕರಣಗಳ ಸಗಟು ಅಂಗಡಿಯೊಂದರ ಉದಾಹರಣೆಯಿಂದ ನೋಡಬಹುದು. ಅಂಗಡಿಯು ಬೆಂಗಳೂರಿನ ಸರಬರಾಜುದಾರರಿಂದ 2025ರ ಫೆಬ್ರವರಿ 12ರ ಬಿಲ್ಲಿನಲ್ಲಿ 200 ಸೀಲಿಂಗ್ ಫ್ಯಾನ್‌ಗಳನ್ನು ತರಿಸಿತು. ದರ ಫ್ಯಾನ್ ಒಂದಕ್ಕೆ 1,200 ರೂಪಾಯಿ. ಸರಕಿನ ಮೌಲ್ಯ 2,40,000; ಶೇಕಡ 18ರಂತೆ ಜಿಎಸ್‌ಟಿ 43,200; ಬಿಲ್ಲಿನ ಒಟ್ಟು ಮೊತ್ತ 2,83,200 ರೂಪಾಯಿ. ಲಾರಿ ಬಾಡಿಗೆ 4,000 ರೂಪಾಯಿಯನ್ನು ಅಂಗಡಿಯೇ ಕೊಟ್ಟಿತು. ಈ ಬಾಡಿಗೆಯನ್ನು ದಾಸ್ತಾನಿನ ಬೆಲೆಗೆ ಸೇರಿಸುವುದು ಸರಿಯಾದ ಕ್ರಮವಾದ್ದರಿಂದ, ಪುಸ್ತಕದಲ್ಲಿ ಪ್ರತಿ ಫ್ಯಾನಿನ ಬೆಲೆ 1,220 ರೂಪಾಯಿ ಆಯಿತು. ಹಣ ಸಂದಾಯಕ್ಕೆ 45 ದಿನಗಳ ಗಡುವು. ಅಂದರೆ ಮಾರ್ಚ್ 29.

ಮಾರ್ಚ್ ಮಧ್ಯದಲ್ಲಿ ಗಿರಾಕಿಗಳಿಂದ ದೂರು ಬರತೊಡಗಿತು. ಗೋದಾಮಿನಲ್ಲಿ ಉಳಿದಿದ್ದ ಪೆಟ್ಟಿಗೆಗಳನ್ನು ಬಿಚ್ಚಿ ಓಡಿಸಿ ನೋಡಿದಾಗ, ಒಂದೇ ಬ್ಯಾಚಿನ 30 ಫ್ಯಾನ್‌ಗಳ ಬೇರಿಂಗ್ ಸದ್ದು ಮಾಡುತ್ತಿತ್ತು. ಮಾರ್ಚ್ 18ರಂದು ಮಾಲೀಕರು ಬರಹದಲ್ಲಿ ತಿಳಿಸಿದರು. ಸರಬರಾಜುದಾರರು ಹಿಂದಕ್ಕೆ ಕಳುಹಿಸುವಂತೆ ಒಪ್ಪಿದರು. ಈ ಬರಹ ಅನಗತ್ಯವೆಂದು ಹಲವರು ಭಾವಿಸುತ್ತಾರೆ. 1930ರ ಸರಕು ಮಾರಾಟ ಕಾಯಿದೆಯ 42ನೆಯ ಪ್ರಕರಣದಂತೆ, ಖರೀದಿದಾರನು ಸರಕನ್ನು ತಿರಸ್ಕರಿಸಿದ್ದೇನೆಂದು ತಿಳಿಸದೆ ಸಮಂಜಸವಾದ ಕಾಲ ಮೀರಿ ಇರಿಸಿಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಹೀಗೆ ಒಪ್ಪಿಕೊಂಡ ಸರಕಿಗೆ ಡೆಬಿಟ್ ನೋಟ್ ಬರೆದರೂ ಸರಬರಾಜುದಾರರು ಅದನ್ನು ಮಾನ್ಯ ಮಾಡಬೇಕಾದ ಕಟ್ಟುಪಾಡು ಇರುವುದಿಲ್ಲ. ದೂರವಾಣಿಯಲ್ಲಿ ಮಾರಾಟ ಪ್ರತಿನಿಧಿ ಹೇಳಿದ "ಕಳಿಸ್ರೀ, ನೋಡೋಣ" ಎಂಬ ಮಾತು ಇದಕ್ಕೆ ಸಾಕಾಗುವುದಿಲ್ಲ.

ಮಾರ್ಚ್ 27ರಂದು ಗೋದಾಮಿನ ಗುಮಾಸ್ತರು ಡೆಲಿವರಿ ಚಲನ್ ಬರೆದು 30 ಫ್ಯಾನ್‌ಗಳನ್ನು ಲಾರಿಗೆ ಹಾಕಿಸಿದರು. ತೆರಿಗೆ ಸೇರಿ ಸರಕಿನ ಮೌಲ್ಯ 42,480 ರೂಪಾಯಿ ಮಾತ್ರ ಇದ್ದುದರಿಂದ ಇ-ವೇ ಬಿಲ್ಲಿನ ಅಗತ್ಯ ಬೀಳಲಿಲ್ಲ. 50,000 ರೂಪಾಯಿ ಮೀರಿದ್ದರೆ ವಾಪಸು ಹೋಗುವ ಸರಕಿಗೂ ಅದು ಬೇಕಾಗುತ್ತಿತ್ತು. ಗುಮಾಸ್ತರು ಗೋದಾಮಿನ ಕಂಪ್ಯೂಟರಿನಲ್ಲಿ `Rejections Out` ವೋಚರ್ ಮೂಲಕ 30 ಫ್ಯಾನ್‌ಗಳನ್ನು ದಾಸ್ತಾನಿನಿಂದ ತೆಗೆದರು. ಅವರ ಮಟ್ಟಿಗೆ ಕೆಲಸ ಮುಗಿಯಿತು. ಚಲನ್ ಪ್ರತಿ ಗೋದಾಮಿನ ಫೈಲಿನಲ್ಲಿಯೇ ಉಳಿಯಿತು.

ಮಾರ್ಚ್ 29ರಂದು ಕಚೇರಿಯ ಲೆಕ್ಕಿಗರು ಗಡುವು ಬಂದ ಬಿಲ್ಲುಗಳ ಪಟ್ಟಿ ತೆಗೆದರು. ಸರಬರಾಜುದಾರರ ಖಾತೆಯಲ್ಲಿ 2,83,200 ರೂಪಾಯಿ ಬಾಕಿ ತೋರಿತು. ಅಷ್ಟನ್ನೂ ಬ್ಯಾಂಕಿನಿಂದ ಕಳುಹಿಸಿದರು.

ಇಲ್ಲಿಯೇ ನಷ್ಟದ ಮೂಲವಿದೆ. ಡೆಬಿಟ್ ನೋಟ್ ಎಂದರೆ ಮೂಲತಃ ಖರೀದಿದಾರನು ಸರಬರಾಜುದಾರನಿಗೆ ಕೊಡುವ ತಿಳಿವಳಿಕೆ: ನಿಮ್ಮ ಖಾತೆಗೆ ಇಷ್ಟು ಖರ್ಚು ಹಾಕಿದ್ದೇವೆ, ಕಾರಣ ಇಂಥದು. ಅದರ ಬೆಲೆ ಇರುವುದು ಹಣ ಕೊಡುವ ಮುಂಚೆ. ಹಣ ಹೋದ ಮೇಲೆ ಅದೇ 42,480 ರೂಪಾಯಿ ಕೊಡತಕ್ಕ ಬಾಕಿಯಲ್ಲಿನ ಕಡಿತವಾಗಿ ಉಳಿಯದೆ, ಸರಬರಾಜುದಾರರಿಂದ ಬರತಕ್ಕ ಬಾಕಿಯಾಗಿ ಮಾರ್ಪಡುತ್ತದೆ. ಅದು ಸಾಮಾನ್ಯವಾಗಿ ನಗದಾಗಿ ಹಿಂದಿರುಗುವುದಿಲ್ಲ. ಮುಂದಿನ ಬಿಲ್ಲಿನಲ್ಲಿ ವಜಾ ಮಾಡಿಕೊಳ್ಳಿರೆಂಬ ಉತ್ತರ ಬರುತ್ತದೆ. ದೋಷದ ಸರಕು ಕೊಟ್ಟವರಿಂದ ಮತ್ತೆ ಸರಕು ಕೊಳ್ಳದೆ ಹಣ ಬಿಡಿಸಿಕೊಳ್ಳಲಾಗದ ಸ್ಥಿತಿ ವರ್ತಕರದಾಗುತ್ತದೆ.

ಏಪ್ರಿಲ್ 9ರಂದು ಸರಬರಾಜುದಾರರು 42,480 ರೂಪಾಯಿಯ ಕ್ರೆಡಿಟ್ ನೋಟ್ ಕಳುಹಿಸಿದಾಗ ಲೆಕ್ಕಿಗರಿಗೆ ವಿಷಯ ತಿಳಿಯಿತು. ವರ್ಷದ ಲೆಕ್ಕ ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಅವರು ಮಾರ್ಚ್ 31ರ ತಾರೀಖಿನಲ್ಲಿ ಡೆಬಿಟ್ ನೋಟ್ ನಮೂದಿಸಿದರು. ಸರಕು ಮಾರ್ಚ್ 27ರಂದೇ ಹೋಗಿದ್ದರಿಂದ ವಹಿವಾಟನ್ನು ಆ ವರ್ಷಕ್ಕೆ ಸೇರಿಸಿದ್ದು ಸರಿಯೇ. ಆದರೆ ಅವರು `Debit Note` ಅನ್ನು `Item Invoice` ಕ್ರಮದಲ್ಲಿ ತೆರೆದು, 30 ಫ್ಯಾನ್, ದರ 1,200 ಎಂದು ಬರೆದು, `Tracking No.` ಕೇಳಿದ ಕಡೆ ಗೋದಾಮಿನ ವೋಚರಿನ ಸಂಖ್ಯೆಯನ್ನು ಆರಿಸದೆ ಮುಂದುವರಿದರು. ಕಂಪ್ಯೂಟರಿಗೆ ಇದು ಇನ್ನೊಂದು ವಾಪಸಾತಿಯೆಂದೇ ತೋರಿತು. ಈಗಾಗಲೇ ಹೊರಹೋಗಿದ್ದ 30 ಫ್ಯಾನ್‌ಗಳ ಮೇಲೆ ಮತ್ತೆ 30 ಹೊರಹೋದವು.

ಮಾರ್ಚ್ 31ರ ವೇಳೆಗೆ 110 ಫ್ಯಾನ್‌ಗಳು ಮಾರಾಟವಾಗಿದ್ದವು. ಹಿಂದಿನ ದಾಸ್ತಾನು ಇರಲಿಲ್ಲ. ಹೀಗಾಗಿ ಗೋದಾಮಿನಲ್ಲಿ ಎಣಿಸಿದಾಗ ಸಿಕ್ಕಿದ್ದು 60. ಪುಸ್ತಕದಲ್ಲಿ ಈಗ 30. ಮೇ ತಿಂಗಳಲ್ಲಿ ಪಟ್ಟಿಗಳನ್ನು ಹೋಲಿಸಿದಾಗ ಈ ಹೆಚ್ಚುವರಿ 30 ಹೊರಬಿದ್ದಿತು. ದಾಸ್ತಾನು ಕಡಿಮೆ ಬಂದಿದ್ದರೆ ಮಾಲೀಕರು ಅಂದೇ ಹುಡುಕಿಸುತ್ತಿದ್ದರು. ಹೆಚ್ಚು ಬಂದಿತೆಂದಾಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಮಾಲೀಕರು ಗುಮಾಸ್ತರನ್ನು ಕರೆಸಿ ವಿಚಾರಿಸಿದ್ದರಿಂದ ಮಾತ್ರ ತೊಡಕು ಬಿಡಿಸಿಕೊಂಡಿತು. "ಸಾಹುಕಾರ್ರ, ಮಾಲು ಯುಗಾದಿ ಮುಂಚೇನ ಹೋಗೇತ್ರೀ, ಚಲನ್ ನನ್ನ ಫೈಲಿನ್ಯಾಗ ಐತಿ" ಎಂಬುದು ಅವರ ಉತ್ತರ. ಆ ಫೈಲನ್ನು ಕಚೇರಿಯವರು ಅಲ್ಲಿಯವರೆಗೆ ನೋಡಿರಲಿಲ್ಲ.

ಅಂಕಿಗಳು ಹೇಳುವುದೇನು

ಈ ವಹಿವಾಟು ಸರಿಯಾಗಿ ನಮೂದಾಗಿದ್ದರೆ ಖರೀದಿಯ ವೆಚ್ಚ, ಲಾರಿ ಬಾಡಿಗೆ ಸೇರಿ 2,44,000ದಿಂದ ವಾಪಸಾತಿಯ 36,000 ಕಳೆದು 2,08,000 ರೂಪಾಯಿ ಆಗಬೇಕಿತ್ತು. ಅಂತಿಮ ದಾಸ್ತಾನು 60 ಫ್ಯಾನ್, 73,200 ರೂಪಾಯಿ. ಲಾಭ-ನಷ್ಟ ಖಾತೆಗೆ ಹೋಗುವ ವೆಚ್ಚ 1,34,800. ಇದರಲ್ಲಿ 1,34,200 ಮಾರಿದ 110 ಫ್ಯಾನ್‌ಗಳ ಬೆಲೆ. ಉಳಿದ 600 ರೂಪಾಯಿ ವಾಪಸು ಹೋದ 30 ಫ್ಯಾನ್‌ಗಳನ್ನು ತರಿಸಲು ಕೊಟ್ಟಿದ್ದ ಬಾಡಿಗೆ.

ಈ 600 ರೂಪಾಯಿಯ ಬಗೆಗೆ ಎರಡು ಮಾತು ಹೇಳಬೇಕು. ದಾಸ್ತಾನಿನಿಂದ ಹೊರಹೋದದ್ದು 1,220ರ ಸರಕು, ಸರಬರಾಜುದಾರರ ಖಾತೆಗೆ ಹಾಕಿದ್ದು ತೆರಿಗೆ ಬಿಟ್ಟು 1,200. ಎರಡೂ ಒಂದೇ ಮೊತ್ತವಾಗಿರಬೇಕೆಂಬ ನಿಯಮವಿಲ್ಲ. ಸರಬರಾಜುದಾರರು ಬಾಡಿಗೆಯನ್ನೂ ಭರಿಸಲು ಒಪ್ಪಿದ್ದರೆ ಅದನ್ನು ಡೆಬಿಟ್ ನೋಟಿನಲ್ಲಿ ಪ್ರತ್ಯೇಕ ಬಾಬ್ತಾಗಿ ಕಾಣಿಸಬಹುದು. ಒಪ್ಪದಿದ್ದರೆ ಅದು ಆ ವರ್ಷದ ಖರ್ಚು. ಮಾಡಬಾರದ ಕೆಲಸವೆಂದರೆ, ಉಳಿದ 60 ಫ್ಯಾನ್‌ಗಳ ಬೆಲೆಯ ಮೇಲೆ ಅದನ್ನು ಹೇರುವುದು. ಹೋದ ಸರಕಿನ ಬಾಡಿಗೆಯಿಂದ ಇರುವ ಸರಕಿನ ಬೆಲೆ ಏರುವುದಿಲ್ಲ. ಹಾಗೆಯೇ, ವಾಪಸಾತಿಯ ದರ ಸರಕು ಬಂದ ಬಿಲ್ಲಿನ ದರವೇ ಆಗಿರತಕ್ಕದ್ದು, ಬಿಲ್ಲಿನಲ್ಲಿ ಕೊಟ್ಟಿದ್ದ ರಿಯಾಯಿತಿ ಕಳೆದ ದರ. ವಾಪಸು ಮಾಡುವ ದಿನದ ದರಪಟ್ಟಿಯನ್ನು ನೋಡಿ ಬರೆದ ಡೆಬಿಟ್ ನೋಟ್‌ಗಳು ಸರಬರಾಜುದಾರರ ಲೆಕ್ಕದೊಂದಿಗೆ ಎಂದೂ ತಾಳೆಯಾಗುವುದಿಲ್ಲ.

ಈಗ ತಪ್ಪುಗಳ ಪರಿಣಾಮ ನೋಡೋಣ. ಮೊದಲ ಹಂತದಲ್ಲಿ, ಅಂದರೆ ದಾಸ್ತಾನು ಮಾತ್ರ ಇಳಿದು ಡೆಬಿಟ್ ನೋಟ್ ಇಲ್ಲದಿದ್ದಾಗ, ವೆಚ್ಚ 1,70,800 ಆಗಿ ಲಾಭ 36,000 ರೂಪಾಯಿ ಕಡಿಮೆ ತೋರುತ್ತಿತ್ತು. ಎರಡನೆಯ ಹಂತದಲ್ಲಿ, ಡೆಬಿಟ್ ನೋಟ್ ಬಂದು ದಾಸ್ತಾನು ಎರಡು ಬಾರಿ ಇಳಿದಾಗ, ಅಂತಿಮ ದಾಸ್ತಾನು 36,600ಕ್ಕೆ ಕುಸಿದು ವೆಚ್ಚ 1,71,400 ಆಯಿತು. ಲಾಭ 36,600 ಕಡಿಮೆ. ತಿದ್ದುಪಡಿಯ ಮುಂಚೆಯೂ ನಂತರವೂ ಲಾಭದ ಅಂಕಿ ಹೆಚ್ಚುಕಡಿಮೆ ಒಂದೇ! ಲಾಭದ ಪ್ರಮಾಣವನ್ನು ಮಾತ್ರ ನೋಡುವವರಿಗೆ ಏನೂ ಬದಲಾದಂತೆ ಕಾಣಲಿಲ್ಲ. ಒಂದು ತಪ್ಪಿನ ಜಾಗವನ್ನು ಇನ್ನೊಂದು ತಪ್ಪು ತುಂಬಿತ್ತು.

ಇದಕ್ಕೆ ವ್ಯತಿರಿಕ್ತವಾದ ತಪ್ಪು ಇನ್ನೂ ಹೆಚ್ಚು ಬಳಕೆಯಲ್ಲಿದೆ, ಹೆಚ್ಚು ಅಪಾಯಕಾರಿಯೂ ಹೌದು. ಲೆಕ್ಕಿಗರು ಡೆಬಿಟ್ ನೋಟನ್ನು `Accounting Invoice` ಕ್ರಮದಲ್ಲಿ ಬರೆದರೆ ಸರಬರಾಜುದಾರರ ಖಾತೆ ಮತ್ತು ಖರೀದಿ ಖಾತೆ ಮಾತ್ರ ಬದಲಾಗುತ್ತವೆ. ಸರಕಿನ ಹೆಸರನ್ನು ಕಂಪ್ಯೂಟರ್ ಕೇಳುವುದೇ ಇಲ್ಲ. ಗೋದಾಮಿನವರು ಬೇರೆ ನಮೂದು ಮಾಡದಿದ್ದರೆ, ಹೊರಹೋದ 30 ಫ್ಯಾನ್‌ಗಳು ಪುಸ್ತಕದಲ್ಲಿ ಉಳಿದೇ ಇರುತ್ತವೆ. ಮೇಲಿನ ಉದಾಹರಣೆಯಲ್ಲಿ ಹೀಗಾಗಿದ್ದರೆ ಪುಸ್ತಕದ ದಾಸ್ತಾನು 90 ಫ್ಯಾನ್, 1,09,800 ರೂಪಾಯಿ. ಲಾಭ 36,600 ರೂಪಾಯಿ ಹೆಚ್ಚು ತೋರುತ್ತಿತ್ತು, ಅದರ ಮೇಲೆ ಆದಾಯ ತೆರಿಗೆಯನ್ನೂ ಕಟ್ಟಬೇಕಾಗುತ್ತಿತ್ತು. ನಗದು ಸಾಲದ ಖಾತೆ ಇರುವವರು ಇನ್ನೊಂದನ್ನು ಗಮನಿಸಬೇಕು. ಬ್ಯಾಂಕು ದಾಸ್ತಾನಿನಿಂದ ಕೊಡತಕ್ಕ ಬಾಕಿಯನ್ನು ಕಳೆದು, ಉಳಿದುದರಲ್ಲಿ ಮಾರ್ಜಿನ್ ಬಿಟ್ಟು ಸಾಲದ ಮಿತಿಯನ್ನು ನಿರ್ಧರಿಸುತ್ತದೆ. ಬಾಕಿ ಇಳಿದು ದಾಸ್ತಾನು ಇಳಿಯದಿದ್ದರೆ, ಮಾರ್ಜಿನ್ ಶೇಕಡ 25 ಎಂದಿಟ್ಟುಕೊಂಡರೂ, ಇಲ್ಲದ ಸರಕಿನ ಮೇಲೆ 27,450 ರೂಪಾಯಿ ಸಾಲದ ಮಿತಿ ಸಿಕ್ಕಂತಾಗುತ್ತದೆ. ಒಂದು ಸರಕಿಗೆ ಇಷ್ಟು. ಬ್ಯಾಂಕಿನ ದಾಸ್ತಾನು ತಪಾಸಣೆಯವರು ಗೋದಾಮಿಗೆ ಬಂದು ಎಣಿಸಿದ ದಿನ, ಇದು ಗುಮಾಸ್ತರ ಮರೆವು ಎಂದು ವಿವರಿಸುವುದು ಸುಲಭವಲ್ಲ.

ಸರಕು ಇನ್ನೂ ಗೋದಾಮಿನಲ್ಲಿಯೇ ಇದ್ದಾಗ

ತಿರಸ್ಕರಿಸಿದ ಸರಕು ಲಾರಿ ಸಿಗದೆ ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುವುದುಂಟು. ಮಾರ್ಚ್ 31 ಅದರ ನಡುವೆ ಬಂದರೆ ಡೆಬಿಟ್ ನೋಟ್ ಯಾವ ತಾರೀಖಿನದು? ಪ್ರಾಯೋಗಿಕವಾಗಿ ಸುರಕ್ಷಿತವಾದ ಕ್ರಮವೆಂದರೆ, ಸರಕು ಬಾಗಿಲು ದಾಟಿದ ದಿನವೇ ಡೆಬಿಟ್ ನೋಟಿನ ದಿನ. ಅಲ್ಲಿಯವರೆಗೆ ತಿರಸ್ಕಾರದ ಪತ್ರವೊಂದೇ ಇರಲಿ; ಸರಕನ್ನು ಕಂಪ್ಯೂಟರಿನಲ್ಲಿ "ತಿರಸ್ಕೃತ ಸರಕು" ಎಂಬ ಪ್ರತ್ಯೇಕ ಗೋದಾಮಿಗೆ ವರ್ಗಾಯಿಸಲಿ, ಬಿಲ್ಲಿನ ಆ ಭಾಗದ ಪಾವತಿಯನ್ನು ತಡೆಹಿಡಿಯಲಿ. ಆಗ ಎಣಿಕೆಯೂ ಪುಸ್ತಕವೂ ಒಂದೇ ಆಗಿರುತ್ತದೆ, ಮಾರಾಟಕ್ಕೆ ಯೋಗ್ಯವಾದ ದಾಸ್ತಾನು ಎಷ್ಟೆಂಬುದೂ ತಿಳಿಯುತ್ತದೆ. ಲಾಭ ಕಡಿಮೆಯಿರುವ ವರ್ಷದಲ್ಲಿ ಬಾಕಿಯನ್ನು ತಗ್ಗಿಸಿ ತೋರಿಸಲು, ಸರಕನ್ನು ಇಟ್ಟುಕೊಂಡೇ ಡೆಬಿಟ್ ನೋಟ್ ಬರೆಯುವ ಅಭ್ಯಾಸವೂ ಕೆಲವೆಡೆ ಇದೆ. ಸರಬರಾಜುದಾರರಿಂದ ಬಾಕಿ ದೃಢೀಕರಣ ಪತ್ರ ಬಂದೊಡನೆ ಅದು ಬಯಲಾಗುತ್ತದೆ.

ಸರಬರಾಜುದಾರರು ಅದೇ ಬಿಲ್ಲಿಗೆ ಬದಲಿ ಸರಕನ್ನು ಕೊಡಲು ಒಪ್ಪಿದ್ದರೆ ಡೆಬಿಟ್ ನೋಟಿನ ಪ್ರಶ್ನೆಯೇ ಇಲ್ಲ. ಆಗ ಚಲನ್ ಮೇಲೆ ಕಳುಹಿಸಿ, ಸರಕು ಸರಬರಾಜುದಾರರ ಬಳಿ ಇದೆಯೆಂದು ದಾಸ್ತಾನಿನಲ್ಲಿ ಕಾಣಿಸಿದರೆ ಸಾಕು.

ತೆರಿಗೆಯ ಭಾಗ

ಜಿಎಸ್‌ಟಿ ಬಂದ ಮೇಲೆ ಡೆಬಿಟ್ ನೋಟ್ ಎಂಬ ಹೆಸರೇ ಗೊಂದಲಕ್ಕೆ ಕಾರಣವಾಗಿದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 34ನೆಯ ಪ್ರಕರಣದಲ್ಲಿ ಹೇಳಿರುವ ಡೆಬಿಟ್ ನೋಟ್, ಸರಬರಾಜುದಾರನು ಕಡಿಮೆ ತೆರಿಗೆ ಹಾಕಿದ್ದಾಗ ತಾನೇ ಹೊರಡಿಸುವಂಥದು. ಖರೀದಿದಾರನು ಬರೆಯುವ ಡೆಬಿಟ್ ನೋಟ್ ಕೇವಲ ವ್ಯಾಪಾರಿ ದಾಖಲೆ. ವಾಪಸಾತಿಯಿಂದ ತೆರಿಗೆ ಇಳಿಯುವುದು ಸರಬರಾಜುದಾರರ ಕ್ರೆಡಿಟ್ ನೋಟಿನಿಂದ. ಅದರ ಆಧಾರದ ಮೇಲೆ ಖರೀದಿದಾರನು ತಾನು ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು.

ಇದರಿಂದ ಪುಸ್ತಕದಲ್ಲಿ ಒಂದು ಅಂತರ ಉಂಟಾಗುತ್ತದೆ. ಉದಾಹರಣೆಯ ಅಂಗಡಿಯಲ್ಲಿ ಡೆಬಿಟ್ ನೋಟ್ ಮಾರ್ಚಿನದು, ಕ್ರೆಡಿಟ್ ನೋಟ್ ಏಪ್ರಿಲಿನದು. ಮಾರ್ಚಿನಲ್ಲಿಯೇ 6,480 ರೂಪಾಯಿಯನ್ನು ತೆರಿಗೆ ಜಮೆಯ ಖಾತೆಯಿಂದ ನೇರವಾಗಿ ಕಳೆದರೆ, ಏಪ್ರಿಲಿನ ಜಿಎಸ್‌ಟಿಆರ್-2ಬಿಯಲ್ಲಿ ಕ್ರೆಡಿಟ್ ನೋಟ್ ಕಾಣಿಸಿಕೊಂಡಾಗ ಅದನ್ನು ಮತ್ತೊಮ್ಮೆ ಕಳೆಯುವ ಸಂಭವವಿದೆ. ಹಾಗಾಗದಂತೆ "ಹಿಂದಿರುಗಿಸಬೇಕಾದ ತೆರಿಗೆ ಜಮೆ" ಎಂಬ ಒಂದು ಮಧ್ಯಂತರ ಖಾತೆಯನ್ನು ತೆರೆಯುವುದು ಒಳ್ಳೆಯದು. ಡೆಬಿಟ್ ನೋಟಿನ ನಮೂದು ಹೀಗಿರುತ್ತದೆ: ಸರಬರಾಜುದಾರರ ಖಾತೆಗೆ ಖರ್ಚು 42,480, ಖರೀದಿ ವಾಪಸಾತಿ ಖಾತೆಗೆ ಜಮಾ 36,000, ಮಧ್ಯಂತರ ಖಾತೆಗೆ ಜಮಾ 6,480. ಕ್ರೆಡಿಟ್ ನೋಟ್ ಬಂದ ತಿಂಗಳಲ್ಲಿ ಮಧ್ಯಂತರ ಖಾತೆಗೆ ಖರ್ಚು ಹಾಕಿ, ಕೇಂದ್ರ ತೆರಿಗೆ ಮತ್ತು ರಾಜ್ಯ ತೆರಿಗೆಯ ಜಮೆಯ ಖಾತೆಗಳಿಂದ ತಲಾ 3,240 ತೆಗೆಯುವುದು. ಮಧ್ಯಂತರ ಖಾತೆಯಲ್ಲಿ ಉಳಿದ ಮೊತ್ತವೆಂದರೆ ಕ್ರೆಡಿಟ್ ನೋಟ್ ಇನ್ನೂ ಬಾರದ ವಾಪಸಾತಿಗಳ ತೆರಿಗೆ. ಯಾರಿಗೆ ನೆನಪೋಲೆ ಬರೆಯಬೇಕೆಂಬುದು ಆ ಖಾತೆಯನ್ನು ತೆರೆದೊಡನೆ ತಿಳಿಯುತ್ತದೆ.

ಈ ನೆನಪೋಲೆಗೆ ಗಡುವೂ ಇದೆ. ಸರಬರಾಜು ಆದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ವಾರ್ಷಿಕ ವಿವರಣ ಪತ್ರ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಕ್ರೆಡಿಟ್ ನೋಟನ್ನು ಸರಬರಾಜುದಾರರು ಘೋಷಿಸತಕ್ಕದ್ದು. 2025ರ ಫೆಬ್ರವರಿಯ ಬಿಲ್ಲಿಗೆ ಆ ಕೊನೆಯ ದಿನ 2025ರ ನವೆಂಬರ್ 30 ಆಗಿತ್ತು. ಅದು ಮೀರಿದರೆ ಸರಬರಾಜುದಾರರು ತೆರಿಗೆಯಿಲ್ಲದ ಕ್ರೆಡಿಟ್ ನೋಟನ್ನಷ್ಟೇ ಕೊಡಲು ಮುಂದಾಗುತ್ತಾರೆ. ಖರೀದಿದಾರರ ಪುಸ್ತಕದಲ್ಲಿ 42,480, ಸರಬರಾಜುದಾರರ ಪುಸ್ತಕದಲ್ಲಿ 36,000. ವ್ಯತ್ಯಾಸದ 6,480ಕ್ಕಾಗಿ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯುತ್ತದೆ.

2025ರ ಹಣಕಾಸು ಕಾಯಿದೆಯು 34ನೆಯ ಪ್ರಕರಣವನ್ನು ತಿದ್ದಿ, ಖರೀದಿದಾರನು ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸದಿದ್ದರೆ ಸರಬರಾಜುದಾರನ ತೆರಿಗೆ ಹೊಣೆ ಇಳಿಯುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಆದ್ದರಿಂದ ಸರಬರಾಜುದಾರರು ಈಗ ಖರೀದಿದಾರರ ಕಡೆಯ ನಮೂದುಗಳನ್ನು ಹಿಂದಿಗಿಂತ ಹೆಚ್ಚು ಗಮನಿಸುತ್ತಾರೆ. ಜಿಎಸ್‌ಟಿ ಜಾಲತಾಣದ ಐಎಂಎಸ್ ಪುಟದಲ್ಲಿ ಬರುವ ಕ್ರೆಡಿಟ್ ನೋಟನ್ನು, ಯಾವ ವಾಪಸಾತಿಯದೆಂದು ಗೊತ್ತಾಗಲಿಲ್ಲವೆಂಬ ಕಾರಣಕ್ಕೆ ಲೆಕ್ಕಿಗರು ತಿರಸ್ಕರಿಸಿದರೆ ಸರಬರಾಜುದಾರರ ಹೊಣೆ ಮತ್ತೆ ಏರುತ್ತದೆ, ಮರುದಿನವೇ ದೂರವಾಣಿ ಬರುತ್ತದೆ. ಡೆಬಿಟ್ ನೋಟಿನ ಸಂಖ್ಯೆಯನ್ನು ಕ್ರೆಡಿಟ್ ನೋಟಿನಲ್ಲಿ ನಮೂದಿಸುವಂತೆ ಮೊದಲೇ ಕೇಳಿಕೊಂಡಿದ್ದರೆ ಈ ತಾಪತ್ರಯವಿಲ್ಲ.

ಒಂದೇ ಕಾಗದದ ಏರ್ಪಾಡು

ಹುಬ್ಬಳ್ಳಿಯ ಅಂಗಡಿಯಲ್ಲಿ ಕೊನೆಗೆ ಮಾಡಿದ ತಿದ್ದುಪಡಿ ಸರಳವಾಗಿತ್ತು. ಮಾರ್ಚ್ 31ರ ಡೆಬಿಟ್ ನೋಟನ್ನು ತೆರೆದು, `Tracking No.` ಜಾಗದಲ್ಲಿ ಗೋದಾಮಿನ `Rejections Out` ಸಂಖ್ಯೆಯನ್ನು ಆರಿಸಿದರು. ಎರಡೂ ವೋಚರ್‌ಗಳು ಒಂದೇ ವಾಪಸಾತಿಯೆಂದು ಜೋಡಣೆಯಾಗಿ ದಾಸ್ತಾನು 60ಕ್ಕೆ ಬಂತು. ಬಿಲ್ಲುವಾರು ವಿವರದಲ್ಲಿ `Against Ref` ಆರಿಸಿ ಫೆಬ್ರವರಿ 12ರ ಬಿಲ್ಲಿಗೆ ಡೆಬಿಟ್ ನೋಟನ್ನು ಜೋಡಿಸಿದಾಗ, ಆ ಬಿಲ್ಲಿಗೆ 42,480 ರೂಪಾಯಿ ಹೆಚ್ಚು ಪಾವತಿಯಾಗಿರುವುದು ನಿಚ್ಚಳವಾಗಿ ಕಂಡಿತು. ಅಢಾವೆ ಪತ್ರಿಕೆಯಲ್ಲಿ ಆ ಮೊತ್ತವನ್ನು ಇತರ ಸರಬರಾಜುದಾರರ ಬಾಕಿಯಲ್ಲಿ ವಜಾ ಮಾಡದೆ ಬರತಕ್ಕ ಬಾಕಿಯಾಗಿ ಆಸ್ತಿಯ ಬದಿಯಲ್ಲಿ ತೋರಿಸಲಾಯಿತು. ಒಬ್ಬರಿಂದ ಬರಬೇಕಾದುದನ್ನು ಇನ್ನೊಬ್ಬರಿಗೆ ಕೊಡಬೇಕಾದುದರಲ್ಲಿ ಕಳೆಯುವ ರೂಢಿ ಸರಿಯಲ್ಲ.

ಅದಾದ ಮೇಲೆ ಅಂಗಡಿಯು ಕೆಲಸದ ಕ್ರಮವನ್ನೇ ಬದಲಿಸಿತು. ಮೂಲ ಬಿಲ್ಲಿನ ಸಂಖ್ಯೆ ಮತ್ತು ತಾರೀಖು, ಸರಕಿನ ಬ್ಯಾಚ್, ಸಂಖ್ಯೆ, ದರ, ತೆರಿಗೆ, ವಾಪಸಾತಿಯ ಕಾರಣ ಇವಿಷ್ಟನ್ನೂ ಬರೆದ ಡೆಬಿಟ್ ನೋಟನ್ನು ಕಚೇರಿಯೇ ಮೂರು ಪ್ರತಿಗಳಲ್ಲಿ ತಯಾರಿಸುತ್ತದೆ. ಒಂದು ಪ್ರತಿ ಚಲನ್ ಜೊತೆ ಲಾರಿಗೆ, ಒಂದು ಗೋದಾಮಿಗೆ, ಒಂದು ಸರಬರಾಜುದಾರರ ಪಾವತಿ ಫೈಲಿಗೆ. ಡೆಬಿಟ್ ನೋಟ್ ಇಲ್ಲದೆ ವಾಪಸು ಸರಕು ಗೋದಾಮಿನ ಬಾಗಿಲು ದಾಟುವಂತಿಲ್ಲ. ಗೋದಾಮಿನವರು ಪ್ರತ್ಯೇಕವಾಗಿ `Rejections Out` ಬರೆಯುವುದನ್ನು ನಿಲ್ಲಿಸಿ, ಡೆಬಿಟ್ ನೋಟೊಂದರಿಂದಲೇ ಬಾಕಿಯೂ ದಾಸ್ತಾನೂ ಇಳಿಯುವಂತೆ ಮಾಡಲಾಯಿತು. ಗೋದಾಮು ಬೇರೆ ಊರಿನಲ್ಲಿರುವ ದೊಡ್ಡ ಸಂಸ್ಥೆಗಳಿಗೆ ಇದು ಸಾಧ್ಯವಾಗದು. ಅಲ್ಲಿ ಎರಡು ವೋಚರ್‌ಗಳು ಬೇಕೇಬೇಕು, ಆದರೆ ಲಾರಿ ರಸೀದಿ ಸೇರಿಸಿದ ಚಲನ್ ಅದೇ ದಿನ ಕಚೇರಿಗೆ ತಲುಪಬೇಕು.

ಪಾವತಿ ಮಾಡುವವರಿಗೆ ವಿಧಿಸಿದ ಕೆಲಸ ಒಂದೇ: ಬಿಲ್ಲು ಸಂದಾಯ ಮಾಡುವ ಮುನ್ನ "ತಿರಸ್ಕೃತ ಸರಕು" ಗೋದಾಮಿನ ಪಟ್ಟಿಯನ್ನೂ ವಾಪಸಾತಿ ಫೈಲನ್ನೂ ನೋಡುವುದು. ಮೂರು ತಿಂಗಳಿಗೊಮ್ಮೆ ಸರಬರಾಜುದಾರರಿಂದ ಖಾತೆಯ ಉತಾರ ತರಿಸಿ, ಅವರ ಕ್ರೆಡಿಟ್ ನೋಟುಗಳ ಎದುರು ಅಂಗಡಿಯ ಡೆಬಿಟ್ ನೋಟುಗಳನ್ನು ಗುರುತು ಹಾಕುತ್ತಾರೆ.

42,480 ರೂಪಾಯಿ ಜೂನ್ ತಿಂಗಳ ಬಿಲ್ಲಿನಲ್ಲಿ ವಜಾ ಆಯಿತು. ಆ ಬಿಲ್ಲಿನ ಸರಕನ್ನು ಅಂಗಡಿಯವರು ಬಂದ ದಿನವೇ ಪೆಟ್ಟಿಗೆ ಬಿಚ್ಚಿ ಓಡಿಸಿ ನೋಡಿದರು.